ಐದನೇ ವಸ್ತು ಹಿಂತೆಗೆಯಲಾಗಿದೆ

ನನಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಕುಂದಾಪುರದಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿದವ ನಾನು, ಸಾಲಿಗ್ರಾಮದ ಶ್ರೀಶ ಐತಾಳ. ಎರಡು ಪದಗಳ ನಡುವೆ ಒಂದು ಜಾಗ ಬಿಡಬೇಕಾದಲ್ಲಿ ಎರಡು ಬಿಟ್ಟ ಹುಡುಗರ ಬೆರಳಿಗೆ ಅಡಿಪಟ್ಟಿಯಿಂದ ಬಿಸಿ ಮುಟ್ಟಿಸಿದ್ದೇನೆ. ಅವರಲ್ಲಿ ಕೆಲವರು ಈಗ ದೊಡ್ಡ ಆಫೀಸರುಗಳು. ರಸ್ತೆಯಲ್ಲಿ ಸಿಕ್ಕಿದರೆ ಕೈ ಹಿಂದೆ ಕಟ್ಟಿಕೊಂಡೇ ಮಾತಾಡುತ್ತಾರೆ. ಈ ಅಚ್ಚುಕಟ್ಟುತನವೇ ನನ್ನ ಬಂಡವಾಳ ಎಂದು ಐವತ್ನಾಲ್ಕನೇ ವಯಸ್ಸಿನವರೆಗೂ ನಂಬಿಕೊಂಡಿದ್ದೆ. ಹಾಲಾಡಿ ಮಿಲ್ಲಿನ ವರದಿಯಲ್ಲಿ ಆ ನಂಬಿಕೆಯ ಕಾಲು ಮುರಿಯಿತು.

ಕ್ಲಾಸು ಮುಚ್ಚಿದ ಮೇಲೆ ನಾನು ಸೇರಿದ್ದು ಪ್ರಭಾವತಿ ಮೇಡಂ ಅವರ ಕಚೇರಿಗೆ. ಬ್ರಹ್ಮಾವರದ ಕಡೆಯ ಶೆಟ್ಟರ ಮನೆಯ ಹೆಂಗಸು. ಮುಂಬೈಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಇಂಜಿನಿಯರ್ ಆಗಿದ್ದು ಊರಿಗೆ ಬಂದವರು. ಈಗ ವಿಮಾ ಕಂಪನಿಗಳಿಗೆ ಸರ್ವೇಯರ್. ಎಲ್ಲೋ ಬೆಂಕಿ ಬಿತ್ತು, ಯಂತ್ರ ಒಡೆಯಿತು, ಬೋಟಿನ ಇಂಜಿನ್ ಕೈಕೊಟ್ಟಿತು ಎಂದರೆ ಅಲ್ಲಿಗೆ ಹೋಗಿ, ಯಾಕೆ ಹೀಗಾಯಿತು ಎಂದು ನೋಡಿ ವರದಿ ಬರೆಯುವುದು ಅವರ ಕೆಲಸ. ಕಾಟನ್ ಸೀರೆ, ಕಾಲಿಗೆ ಬೂಟು, ಕೈಯಲ್ಲಿ ಟಾರ್ಚು. ಮೊದಲ ದಿನ ಆ ಬೂಟು ಕಂಡು ಒಳಗೊಳಗೇ ನಕ್ಕಿದ್ದೆ. ಆರು ತಿಂಗಳಲ್ಲಿ ಆ ಬೂಟಿಗೆ ಕೈ ಮುಗಿಯುವಷ್ಟು ಗೌರವ ಬಂದಿತ್ತು.

ಅವರ ಕೆಲಸದ ಕ್ರಮ ಹೀಗೆ. ಸ್ಥಳಕ್ಕೆ ಹೋದ ಕೂಡಲೇ ಅಭಿಪ್ರಾಯ ಹೇಳುವುದಿಲ್ಲ, ಪಟ್ಟಿ ಮಾಡುತ್ತಾರೆ. ಸಿಕ್ಕಿದ ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಆ ಸಂಖ್ಯೆ ವಸ್ತುವಿನ ಚೀಟಿಯ ಮೇಲೆ, ಪಟ್ಟಿಯಲ್ಲಿ, ಫೋಟೋದಲ್ಲಿ, ಎಲ್ಲ ಕಡೆ ಒಂದೇ. ಎಲ್ಲಿ ಸಿಕ್ಕಿತು, ಯಾರು ತೆಗೆದರು, ಎಷ್ಟು ಗಂಟೆಗೆ, ಆಗ ಹೇಗಿತ್ತು, ಆಮೇಲೆ ಯಾರ ಹತ್ತಿರ ಇತ್ತು, ಎಲ್ಲವೂ ಅಲ್ಲೇ. ಎರಡೂ ಕಡೆಯವರು ಅಲ್ಲೇ ಸಹಿ ಹಾಕಬೇಕು. ವರದಿ ಇಂಗ್ಲಿಷಿನಲ್ಲಿದ್ದರೂ ಜೊತೆಗೆ ಕನ್ನಡದ ಪ್ರತಿ ಇರಲೇಬೇಕು, ಸಹಿ ಹಾಕುವವರಿಗೆ ಓದಲು ಬರಬೇಕಲ್ಲ. ವರದಿಯ ಒಳಗಿನ ಪ್ರತಿ ಮಾತಿನ ಪಕ್ಕದಲ್ಲೂ ‘ವಸ್ತು ಇಂತಿಷ್ಟನೆಯದು ನೋಡಿ’ ಎಂದಿರುತ್ತದೆ.

“ನಂಬರ್ ಇಲ್ದಿದ್ ಮಾತ್ ನನ್ನ್ ವರದೀಲಿ ಇಪ್ಪುಕಾಗ, ಐತಾಳ್ರೆ,” ಎಂದು ಮೊದಲ ವಾರವೇ ಹೇಳಿದ್ದರು. “ನಂಬರ್ ಇಲ್ದಿದ್ರೆ ಅದ್ ಬರೀ ನನ್ನ್ ಬಾಯ್ಮಾತ್. ನನ್ನ್ ಬಾಯ್ಮಾತಿಗೆ ಎಂತ ಬೆಲೆ?”

ಕಳೆದ ನವರಾತ್ರಿಯಲ್ಲಿ ನಡೆದದ್ದು ಇದು. ಹಾಲಾಡಿ ಪೇಟೆಯಿಂದ ಸ್ವಲ್ಪ ಈಚೆ ಉಮಾನಾಥ ಶೆಟ್ಟರ ಅಕ್ಕಿಮಿಲ್ಲಿದೆ. ಕುಚ್ಚಲಕ್ಕಿ ಮಾಡುವ ಮಿಲ್ಲು. ಭತ್ತ ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಭತ್ತದ ಉಮಿಯ ಬೆಂಕಿ. ಬಾಯ್ಲರಿನ ಒಳಗೆ ಎಷ್ಟು ನೀರಿದೆ ಎಂದು ತಿಳಿಯಲು ಮುಂಭಾಗದಲ್ಲಿ ಒಂದು ಗಾಜಿನ ಕೊಳವೆ ಇರುತ್ತದೆ. ಅದರಲ್ಲಿ ನೀರು ಇಳಿದರೆ ಪಂಪು ಹಾಕಬೇಕು. ನೀರು ತೀರಾ ಕೆಳಗೆ ಹೋದರೆ ಬೆಂಕಿಯ ಮೇಲಿನ ತಗಡು ಕಾದು ಕೆಂಪಾಗುತ್ತದೆ. ಆಗ ಇಡೀ ಬಾಯ್ಲರ್ ಸಿಡಿಯಬಾರದೆಂದು ಅಲ್ಲಿ ಸೀಸ ತುಂಬಿದ ಒಂದು ಪ್ಲಗ್ ಕೂರಿಸಿರುತ್ತಾರೆ. ಸೀಸ ಕರಗಿ ಹಬೆ ಕೆಳಗೆ ನುಗ್ಗಿ ಬೆಂಕಿಯನ್ನು ನಂದಿಸುತ್ತದೆ.

ಆಯುಧಪೂಜೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಆ ಪ್ಲಗ್ ಕರಗಿತು. ತನ್ನ ಕೆಲಸ ಅದು ಮಾಡಿತು, ಬಾಯ್ಲರ್ ಉಳಿಯಿತು. ಆದರೆ ಹಬೆ ಬಿಸಿ ಬೂದಿಯನ್ನು ಹೊತ್ತು ಒಲೆಯ ಬಾಗಿಲಿನಿಂದ ಹೊರಗೆ ಹಾರಿತು. ಉಮಿಯ ಬುಟ್ಟಿ ಹೊತ್ತು ಬರುತ್ತಿದ್ದ ವನಜ ಎಂಬ ಕೆಲಸದ ಹೆಂಗಸಿನ ಎಡಗೈ, ಕುತ್ತಿಗೆ ಸುಟ್ಟವು. ಜೀವಕ್ಕೆ ಅಪಾಯ ಇರಲಿಲ್ಲ. ಶೆಟ್ಟರು ತಾವೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವ ದೇವು. ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಇದ್ದ, ಇಪ್ಪತ್ತೆರಡು ವರ್ಷ ಅದೇ ಮಿಲ್ಲಿನಲ್ಲಿದ್ದ ಆಳು. ವನಜಳ ಮನೆಗೆ ಇವನ ಮನೆಯ ಬೇಲಿಯೇ ಗಡಿ. ಆಸ್ಪತ್ರೆಯ ಮಂಚದ ಮೇಲೆ ವನಜ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: “ಅಂವ ಗಾಜ್ ಕಂಡದ್ದೇ ಇಲ್ಲ. ಬೆಳಗಾತಿಂದ ಒಂದ್ ಸಲವೂ ಕಾಣ್ಲಿಲ್ಲ.” ಊರು ಅದನ್ನೇ ನಂಬಿತು. ಶೆಟ್ಟರೂ ನಂಬಿದರು. ದೇವುವನ್ನು ಕೆಲಸದಿಂದ ನಿಲ್ಲಿಸಿ, ಸರ್ವೇಯರ್ ವರದಿ ಬರಲಿ, ಅದರಲ್ಲಿ ಇವನ ಉದಾಸೀನ ಎಂದಿದ್ದರೆ ಪೊಲೀಸರಿಗೆ ಕೊಡುತ್ತೇನೆ, ಸರ್ಟಿಫಿಕೇಟೂ ಹೋಗಲಿ ಎಂದರು. ಆಳಿನ ತಪ್ಪು ಎಂದಾದರೆ ಅವರಿಗೆ ವಿಮೆ ಸಲೀಸು, ಯಜಮಾನರ ತಪ್ಪು ಎಂದಾದರೆ ಕಷ್ಟ ಎಂಬುದೂ ಇತ್ತು. ಹಾಗೆಂದು ಶೆಟ್ಟರು ಕೆಟ್ಟವರಲ್ಲ. ಸಿಟ್ಟಿನಲ್ಲಿದ್ದರು ಅಷ್ಟೆ.

ನಾವು ಅಲ್ಲಿಗೆ ತಲುಪಿದ್ದು ಆಯುಧಪೂಜೆಯ ದಿನವೇ. ಒಳಗೆ ಕಾಲಿಟ್ಟರೆ ಗಂಧದ ಕಡ್ಡಿಯ ಹೊಗೆ. ಬಾಳೆ ಎಲೆಯ ಮೇಲೆ ಸ್ಪ್ಯಾನರು, ಸುತ್ತಿಗೆ, ಕತ್ತಿ ಎಲ್ಲ ಸಾಲಾಗಿ ಕುಂಕುಮ ಇಟ್ಟುಕೊಂಡು ಕೂತಿವೆ. ಸಾಲಿನ ಕೊನೆಯಲ್ಲಿ ಥಳಥಳ ಹೊಳೆಯುವ ಒಂದು ಹಿತ್ತಾಳೆಯ ನಲ್ಲಿ, ಅದರ ನೆತ್ತಿಯ ಮೇಲೆ ಚೆಂಡುಹೂ.

ಮೇಡಂ ಅದನ್ನೇ ನೋಡುತ್ತ ನಿಂತರು. “ಇದ್ ಎಲ್ಲಿದ್?”

ಅದು ಗಾಜಿನ ಕೊಳವೆಯ ಕೆಳಗಿನ ನಲ್ಲಿ. ಬಾಯ್ಲರಿನಿಂದ ಗಾಜಿಗೆ ನೀರು ಬರುವುದು ಅದರ ತೂತಿನಿಂದಲೇ. ಅಪಘಾತವಾದ ಸಂಜೆ ಫಿಟ್ಟರ್ ಕುಷ್ಟ ಎಂಬವ ಅದನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದ. ಹಿಂದಿನ ದಿನ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದು ಯಾರು ಎಂದರೆ, ದೇವುವೇ! ಕೆಲಸದಿಂದ ನಿಲ್ಲಿಸಿದ ಮನುಷ್ಯ, ಯಾರೂ ಕರೆಯದಿದ್ದರೂ ಬಂದು, ಪ್ರತಿ ವರ್ಷದಂತೆ ಬಾಯ್ಲರಿನ ಸಾಮಾನೆಲ್ಲ ತೊಳೆದು ಪೂಜೆಗೆ ಇಟ್ಟು ಹೋಗಿದ್ದ. ತನ್ನನ್ನು ಉಳಿಸಬಹುದಾದ ವಸ್ತುವನ್ನು ತಾನೇ ಉಜ್ಜಿ ಇಟ್ಟ ಪುಣ್ಯಾತ್ಮ! ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಬಾಗಿಲ ಹೊರಗೆ ನಿಂತಿದ್ದ ಅವನನ್ನು ಕರೆದು ಕೇಳಿದೆ.

“ಆಯುಧಪೂಜೆ ಅಲ್ದಾ,” ಎಂದ. “ಕೊಳಕ್ ಇಟ್ಕಂಡ್ ಹ್ಯಾಂಗೆ ಪೂಜೆ ಮಾಡೂದ್? ಇಪ್ಪತ್ತೆರಡ್ ವರ್ಷ ಅನ್ನ ಕೊಟ್ಟಿತ್ತ್.”

ಮೇಡಂ ಬೈಯಲಿಲ್ಲ. “ಒಳ್ಗೆ ತೂತಿಗೆ ಕಡ್ಡಿಗಿಡ್ಡಿ ಹಾಕಿದ್ಯಾ?” ಎಂದು ಮಾತ್ರ ಕೇಳಿದರು. ಇಲ್ಲ, ಹೊರಗೆ ಮಾತ್ರ ತಿಕ್ಕಿದ್ದು ಎಂದ. ಟಾರ್ಚು ಹಾಕಿ ನೋಡಿದರು. ತೂತಿನ ಒಳಗೆ ಸುಣ್ಣದಂಥ ಬಿಳಿ ಗಟ್ಟಿ ಪದರ, ಅದಕ್ಕೆ ಅಡ್ಡಲಾಗಿ ಒಂದು ದಪ್ಪ ಚಕ್ಕೆ. ದಾರಿ ಬೆಂಕಿಕಡ್ಡಿಯಷ್ಟೂ ಉಳಿದಿರಲಿಲ್ಲ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದರು. ಕುಂಕುಮವನ್ನೂ ಒರೆಸಲಿಲ್ಲ. ಪಟ್ಟಿಯಲ್ಲಿ ಅದರ ಸರದಿ ಬಂದಾಗ ನನಗೆ ಹೇಳಿ ಬರೆಸಿದರು: ‘ನಾಲ್ಕನೇ ವಸ್ತು. ಗಾಜಿನ ಕೆಳಗಿನ ಹಿತ್ತಾಳೆ ನಲ್ಲಿ. ಬಿಚ್ಚಿದವರು ಕುಷ್ಟ. ನಮ್ಮ ಕೈಗೆ ಬರುವ ಮುನ್ನ ಹೊರಭಾಗವನ್ನು ದೇವು ಹುಣಸೆಹುಳಿಯಿಂದ ತೊಳೆದಿದ್ದಾರೆ. ಒಳಭಾಗ ಮುಟ್ಟಿಲ್ಲವೆಂದು ಅವರ ಹೇಳಿಕೆ. ಒಳಗೆ ಬಿಳಿ ಪದರ ಮತ್ತು ಚಕ್ಕೆ ಇದೆ. ಮೇಲೆ ಕುಂಕುಮ ಇದೆ.’

“ಮೇಡಂ, ತೊಳ್ದದ್ದ್ ಬರ್ದ್ರೆ ಅವ್ರಿಗೇ ಒಂದ್ ನೆವ ಕೊಟ್ಟಾಂಗೆ ಅಲ್ದಾ?” ಎಂದೆ ಮೆಲ್ಲನೆ.

“ನಾವ್ ಬರೀದಿದ್ರೆ ಅವ್ರ್ ಹೇಳ್ತ್ರ್. ನಾವೇ ಮೊದ್ಲ್ ಹೇಳುದ್ ಲಾಯ್ಕ್,” ಎಂದರು.

ಪಟ್ಟಿ ಸುರುವಾದದ್ದು ಕ್ಯಾಮೆರಾದಿಂದ. ಅಂಗಳದ ಒಂದು ಕ್ಯಾಮೆರಾಕ್ಕೆ ಬಾಯ್ಲರ್ ಮನೆಯ ಬಾಗಿಲು, ಅದರೊಳಗೆ ಗಾಜಿನ ಕೊಳವೆಯ ಮುಂದಿನ ಜಾಗ ಕಾಣುತ್ತಿತ್ತು. ಅದರ ಪೆಟ್ಟಿಗೆಯಲ್ಲಿ ಏಳು ದಿನದ ಚಿತ್ರ ಮಾತ್ರ ಉಳಿಯುತ್ತದೆ, ಮತ್ತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಪೂಜೆಯ ದಿನವೇ ಓಡಿ ಬಂದದ್ದು ಅದಕ್ಕೆ. ಪರದೆಯ ಮೇಲಿನ ಗಡಿಯಾರದ ಪಕ್ಕದಲ್ಲಿ ತಮ್ಮ ಫೋನಿನ ಗಡಿಯಾರ ಹಿಡಿದು ಎರಡನ್ನೂ ಒಂದೇ ಫೋಟೋದಲ್ಲಿ ತೆಗೆಸಿದರು. ಕ್ಯಾಮೆರಾ ಹದಿನಾಲ್ಕು ನಿಮಿಷ ಮುಂದಿತ್ತು. ಆ ಮೇಲೆ ಎಲ್ಲ ಕಡೆ ಎರಡೂ ಸಮಯ ಬರೆಯಬೇಕು, ಪರದೆಯದ್ದು ಮತ್ತು ಸರಿಯಾದದ್ದು. ಪೆಟ್ಟಿಗೆ ಒಂದನೇ ವಸ್ತು, ಪೆನ್‌ಡ್ರೈವಿನ ಪ್ರತಿ ಎರಡನೆಯದು, ಕರಗಿದ ಪ್ಲಗ್ ಮೂರನೆಯದು. ನೆಲದ ಬೂದಿಯಲ್ಲಿ ಸಿಕ್ಕಿದ ಗಾಜಿನ ಚೂರುಗಳು ಐದನೆಯದು.

ಮತ್ತೆ ನೀರು. ಅಲ್ಲಿಯ ಬೋರ್‌ವೆಲ್ ನೀರು ಗಡಸು. ಅದನ್ನು ಮೆದು ಮಾಡುವ ಒಂದು ಯಂತ್ರವಿದೆ, ಅದಕ್ಕೆ ಆಗಾಗ ಉಪ್ಪು ಹಾಕಬೇಕು. ಹಾಕದಿದ್ದರೆ ಗಡಸು ನೀರೇ ಬಾಯ್ಲರಿಗೆ ಹೋಗಿ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಅಪಘಾತದ ದಿನ ಬಾಯ್ಲರಿಗೆ ಹೋಗುತ್ತಿದ್ದ, ಪಂಪಿನ ತೊಟ್ಟಿಯ ನೀರು ಹಾಗೆಯೇ ಇತ್ತು. ಅದು ಆರನೇ ಬಾಟ್ಲಿ. ಯಂತ್ರದಿಂದ ಈಗ ಬರುವ ನೀರು ಏಳನೆಯದು. ಯಂತ್ರದಲ್ಲಿ ಹೊಸ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಯಾವಾಗ ಹಾಕಿದ್ದು ಎಂದು ಕೇಳಿದಾಗ ಶೆಟ್ಟರ ಮಗ ಪ್ರಖ್ಯಾತ್, “ನಿನ್ನೆ ಸಂಜಿ,” ಎಂದ. ಅದನ್ನೂ ಬರೆಸಿದರು. ಪ್ರತಿ ನೀರನ್ನೂ ಎರಡೆರಡು ಬಾಟ್ಲಿಗೆ ಹಾಕಿ ಅರಗು ಹಚ್ಚಿ, ಒಂದು ಜೊತೆ ಪ್ರಯೋಗಾಲಯಕ್ಕೆ, ಇನ್ನೊಂದು ಜೊತೆ ಪ್ರಖ್ಯಾತನ ಕೈಗೆ. ಬಾಯ್ಲರಿನ ಲಾಗ್‌ಬುಕ್ಕು ಎಂಟನೆಯದು. ಆಸ್ಪತ್ರೆಗೆ ಹೋಗಿ ಬರೆದುಕೊಂಡ ವನಜಳ ಹೇಳಿಕೆ ಒಂಬತ್ತನೆಯದು.

ಎರಡು ವಾರದಲ್ಲಿ ವರದಿ ಸಿದ್ಧವಾಯಿತು. ಅದನ್ನು ಟೈಪು ಮಾಡುವಾಗ ನನಗೆ ಒಂದೊಂದು ಸಾಲಿಗೂ ಭೇಷ್ ಎನ್ನಿಸುತ್ತಿತ್ತು. ದೇವು ಬೆಳಿಗ್ಗೆ ಆರು ಹತ್ತಕ್ಕೆ ಗಾಜಿನ ನೀರು ಹೊರಗೆ ಬಿಟ್ಟು, ಮತ್ತೆ ತುಂಬುತ್ತದೆಯೇ ಎಂದು ಪರೀಕ್ಷೆ ಮಾಡಿದ್ದಾನೆ, ಎರಡನೇ ವಸ್ತು ನೋಡಿ. ಎಂಟರಿಂದ ಅಪಘಾತದವರೆಗೆ ಏಳು ಸಲ ಗಾಜಿನ ಮುಂದೆ ನಿಂತಿದ್ದಾನೆ, ಎರಡನೇ ವಸ್ತು ನೋಡಿ. ಬಾಯ್ಲರಿಗೆ ಎರಡು ಗಾಜು ಇರಬೇಕಿತ್ತು, ಒಂದು ಒಡೆದಿದೆ ಎಂದು ಅವನು ಜುಲೈಯಲ್ಲೇ ಬರೆದಿಟ್ಟಿದ್ದಾನೆ, ಎಂಟನೇ ವಸ್ತು ನೋಡಿ. ಉಳಿದ ಗಾಜಿನ ನಲ್ಲಿಗೆ ಬೆಳಗಿನ ಪರೀಕ್ಷೆಯ ಆಮೇಲೆ ಚಕ್ಕೆ ಸಿಕ್ಕಿಕೊಂಡು, ಬಾಯ್ಲರಿನಲ್ಲಿ ನೀರಿಲ್ಲದಿದ್ದರೂ ಗಾಜು ನೀರು ತೋರಿಸಿರಬೇಕು, ನಾಲ್ಕನೇ ವಸ್ತು ನೋಡಿ. ಆ ಚಕ್ಕೆ ಬಂದದ್ದು ಗಡಸು ನೀರಿನಿಂದ, ಆರನೇ ವಸ್ತು ನೋಡಿ. ಯಾರನ್ನೂ ಹೊಗಳಿಲ್ಲ, ಬೈದಿಲ್ಲ. ಆದರೂ ಓದಿ ಮುಗಿಸುವಾಗ ದೇವುವಿನ ಮೇಲಿನ ಕೊಳೆಯೆಲ್ಲ ತಾನಾಗಿ ಬಿಟ್ಟುಹೋಗಿರುತ್ತದೆ.

ಕೊನೆಗೆ ಐದನೇ ವಸ್ತುವಿನ ಸರದಿ ಬಂತು. ಮೇಡಂ ಕಚೇರಿಯಲ್ಲಿ ಆ ಚೂರುಗಳನ್ನು ಬೆಳಕಿಗೆ ಹಿಡಿದು, “ಅರೆ, ಇದ್ ಟ್ಯೂಬ್‌ಲೈಟಿನ್ ಗಾಜ್! ಒಳ್ಗೆ ಬಿಳಿ ಹುಡಿ ಇತ್ತ್ ಕಾಣಿ,” ಎಂದರು. ಹಬೆಯ ರಭಸಕ್ಕೆ ಒಡೆದ ದೀಪ. ಬಾಯ್ಲರಿಗೂ ಅದಕ್ಕೂ ಸಂಬಂಧ ಇಲ್ಲ. “ಪಟ್ಟೀಲಿ ಐದ್ ಹಾಂಗೇ ಇರ್ಲಿ. ‘ಹಿಂತೆಗೆಯಲಾಗಿದೆ’ ಅಂದೇಳಿ ಬರ್ದ್, ಕಾರಣ ಹಾಕಿ,” ಎಂದು ಹೇಳಿ ಶಿರೂರಿಗೆ ಬೋಟಿನ ಇಂಜಿನ್ ನೋಡಲು ಹೊರಟುಹೋದರು.

ಇಲ್ಲಿ ನನ್ನ ರೋಗ ಎದ್ದಿತು. ನಾಲ್ಕು, ಆಮೇಲೆ ಬೋಳು ಐದು, ಆಮೇಲೆ ಆರು. ಅಷ್ಟು ಚಂದದ ಪಟ್ಟಿಯ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಖಾಲಿ ಜಾಗ. ಬೇಡದ್ದನ್ನು ತೆಗೆದ ಮೇಲೆ ಅದರ ಹೆಸರು ಯಾಕೆ? ನಾನು ಐದನ್ನು ಅಳಿಸಿ ಆರನ್ನು ಐದು ಮಾಡಿದೆ, ಏಳನ್ನು ಆರು, ಎಂಟನ್ನು ಏಳು, ಒಂಬತ್ತನ್ನು ಎಂಟು. ಒಳಗಿನ ಪ್ಯಾರಾಗಳನ್ನೂ ಕೂತು ತಿದ್ದಿದೆ. ಏನು ಅಚ್ಚುಕಟ್ಟು! ಹದಿನಾಲ್ಕನೇ ಪ್ಯಾರಾ ಒಂದು ಪುಟದ ಬುಡದಲ್ಲಿತ್ತು, ಅದೊಂದು ಕಣ್ಣಿಗೆ ಬೀಳಲಿಲ್ಲ. ಮರುದಿನ ಮೇಡಂ ಮಿಲ್ಲಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಸಹಿ ಹಾಕಿದರು. ಓದಿದ್ದ ವರದಿ, ಟೈಪು ಮಾಡಿದ್ದು ಐತಾಳರು, ಮತ್ತೆ ನೋಡುವುದೇನು ಎಂದುಕೊಂಡಿರಬೇಕು.

ಮಿಲ್ಲಿನ ಆಫೀಸಿನಲ್ಲಿ ಶೆಟ್ಟರು, ಪ್ರಖ್ಯಾತ್, ವಿಮಾ ಕಂಪನಿಯಿಂದ ಬಂದ ಅನಿಷಾ ಎಂಬ ಆಫೀಸರು, ಶೆಟ್ಟರ ಕಡೆಯಿಂದ ಮಾತಾಡಲು ಬಂದ ಪ್ರೇಮಾನಂದ ಎಂಬ ಸಲಹೆಗಾರ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ದೇವು. ಅವನ ಅಂಗಿಗೆ ಇಸ್ತ್ರಿ ಹಾಕಿತ್ತು. ತೀರ್ಪು ಕೇಳಲು ಬಂದವನ ಹಾಗೆ ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

ಪ್ರೇಮಾನಂದ ಮೊದಲು ನಲ್ಲಿಯನ್ನು ಹಿಡಿದ. “ಹುಣಸೆಹುಳಿ ಹಾಕಿ ತೊಳ್ದ್ ವಸ್ತು ಸಾಕ್ಷಿ ಹ್ಯಾಂಗ್ ಆತ್ತ್?”

“ತೊಳ್ದದ್ದ್ ನಾವೇ ಬರ್ದಿತ್ತ್, ಮೂರನೇ ಪುಟ ಕಾಣಿ,” ಎಂದರು ಮೇಡಂ. “ಹೊರ್ಗೆ ತೊಳ್ದ್ರೆ ಒಳ್ಗಿನ್ ಚಕ್ಕೆ ಹುಟ್ಟುದಿಲ್ಲ.” ಅನಿಷಾ ಪುಟ ತಿರುಗಿಸಿ ಓದಿ ತಲೆಯಾಡಿಸಿದರು. ನನಗೆ ಹೆಮ್ಮೆ ತಡೆಯಲಿಲ್ಲ.

ಪ್ರೇಮಾನಂದ ಬಿಡುವ ಜನ ಅಲ್ಲ. ಪುಟ ಹಿಂದೆ ಮುಂದೆ ಮಾಡಿದ. ಒಂದು ಕಡೆ ಬೆರಳಿಟ್ಟು ನಿಂತ. ಅವನ ಮುಖ ಅರಳುವುದನ್ನು ನಾನು ಕಂಡೆ.

“ಹದಿನಾಲ್ಕನೇ ಪ್ಯಾರಾ. ‘ಆ ದಿನ ಬಾಯ್ಲರಿಗೆ ಹೋಗುತ್ತಿದ್ದ ನೀರು ಆರನೇ ವಸ್ತು, ಗಡಸುತನ ಮುನ್ನೂರ ಹತ್ತು.’ ಪ್ರಯೋಗಾಲಯದವ್ರೂ ಆರನೇ ಬಾಟ್ಲಿಗೆ ಮುನ್ನೂರ ಹತ್ತ್ ಅಂದಿರ್. ಸರಿ. ಪಟ್ಟೀಲಿ ಆರನೇದ್ ಎಂತ? ಯಂತ್ರದಿಂದ ಬಪ್ಪು ನೀರ್! ಆ ನೀರ್ ಮೆದು ಇತ್ತ್, ನಾವೂ ಪರೀಕ್ಷೆ ಮಾಡ್ಸಿತ್ತ್. ಹಾಂಗಾರೆ ನಿಮ್ಮ ಬಾಟ್ಲಿ ಅದಲು ಬದಲಾಯ್ತ್. ಬಾಟ್ಲಿ ಅದಲು ಬದಲಾದ್ರೆ ಪೆನ್‌ಡ್ರೈವ್ ಯಾವ್ದ್, ನಲ್ಲಿ ಯಾವ್ದ್, ಯಾರಿಗ್ ಗೊತ್ತ್? ಈ ಪಟ್ಟಿಯನ್ನೇ ಪಕ್ಕಕ್ಕಿಡಿ. ಉಳೂದ್ ಆ ಹೆಂಗ್ಸಿನ್ ಮಾತ್ ಒಂದೇ. ಅಂವ ಕಾಣ್ಲಿಲ್ಲ ಅಂದೇಳಿ.”

ಅನಿಷಾ ಪೆನ್ನು ಕೆಳಗಿಟ್ಟು, “ಮೇಡಂ, ಬಾಟಲಿ ಬದಲಾಗಿದ್ದರೆ ಈ ವರದಿಯನ್ನು ನಾವು ಒಪ್ಪಲು ಆಗುವುದಿಲ್ಲ,” ಎಂದರು. ದೇವುವಿಗೆ ಲೆಕ್ಕ ಅರ್ಥವಾಗಿರಲಿಕ್ಕಿಲ್ಲ. ಆದರೆ ಕೊನೆಯ ಮಾತು ಅರ್ಥವಾಯಿತು. ಅವನು ಸ್ಟೂಲಿನಿಂದ ಎದ್ದು ನಿಂತ, ಪೊಲೀಸರು ಈಗಲೇ ಬಂದರೋ ಎನ್ನುವ ಹಾಗೆ.

ಮೇಡಂ ಪಟ್ಟಿಯನ್ನು ಒಮ್ಮೆ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ಅರ್ಧ ನಿಮಿಷದಲ್ಲಿ ಅವರಿಗೆ ಎಲ್ಲ ಗೊತ್ತಾಗಿ ಹೋಗಿತ್ತು. ನಾನಾಗಿದ್ದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿ ಟೈಪಿಸ್ಟನನ್ನು ಅಲ್ಲೇ ಸುಟ್ಟುಬಿಡುತ್ತಿದ್ದೆ.

“ಪ್ರೇಮಾನಂದ್ರು ಹೇಳ್ದದ್ದ್ ಸರಿ,” ಎಂದರು. “ಈ ಪಟ್ಟಿ ತಪ್ಪ್. ಬಾಟ್ಲಿ ತಪ್ಪಲ್ಲ. ಓದ್ದೆ ಸಹಿ ಹಾಕಿದ್ದ್ ನಾನ್. ಪ್ರಖ್ಯಾತ್, ಆ ದಿನ ನಿಮ್ ಕೈಯಗೆ ಕೊಟ್ಟ್ ಬಾಟ್ಲಿ ಎರ್ಡೂ ತಕಂಬನ್ನಿ.”

ಪ್ರಖ್ಯಾತ್ ಒಳಗಿನ ಕಪಾಟಿನಿಂದ ತಂದು ಮೇಜಿನ ಮೇಲಿಟ್ಟ. ಅರಗು ಹಾಗೆಯೇ ಇತ್ತು. ಮೇಡಂ ಮುಟ್ಟಲಿಲ್ಲ, ಅನಿಷಾ ಹತ್ತಿರ ಓದಲು ಹೇಳಿದರು. ಮೊದಲ ಚೀಟಿ: ಆರು, ಪಂಪಿನ ತೊಟ್ಟಿ. ಎರಡನೆಯದು: ಏಳು, ಮೆದು ಮಾಡುವ ಯಂತ್ರ, ಹೊಸ ಉಪ್ಪು ಹಾಕಿದ ಮರುದಿನ. ಎರಡರ ಮೇಲೂ ಪ್ರಖ್ಯಾತನ ಸಹಿ. ಆಮೇಲೆ ಬ್ಯಾಗಿನಿಂದ ಪೂಜೆಯ ದಿನ ಸ್ಥಳದಲ್ಲೇ ಬರೆದ ಪಟ್ಟಿ ತೆಗೆದರು. ಬೂದಿಯ ಬೆರಳಚ್ಚು, ಕುಂಕುಮದ ಕಲೆ, ನನ್ನ ಕೈಬರಹ. ಅಲ್ಲಿಯೂ ಆರು ಪಂಪಿನ ತೊಟ್ಟಿ, ಏಳು ಯಂತ್ರ. ಪ್ರಯೋಗಾಲಯದ ಕಾಗದದಲ್ಲಿಯೂ ಆರು, ಏಳು. ಟೈಪು ಮಾಡಿದ ಪಟ್ಟಿ ಒಂದೇ ಒಂಟಿಯಾಗಿ ಬೇರೆ ಏನೋ ಹೇಳುತ್ತಿತ್ತು.

“ಇಲ್ಲೊಂದ್ ಐದ್ ಇತ್ತಲ್ಲ?” ಎಂದರು ಅನಿಷಾ, ಕೈಬರಹದ ಪಟ್ಟಿ ನೋಡಿ. ಅಷ್ಟು ಹೊತ್ತು ಪುಸ್ತಕದ ಕನ್ನಡ ಆಡುತ್ತಿದ್ದ ಅವರ ಬಾಯಲ್ಲಿ ಊರಿನ ಮಾತು ಬಂದದ್ದು ಆಗಲೇ.

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎದ್ದು ನಿಂತು, “ಅದನ್ನ್ ತೆಗ್ದದ್ದ್ ನಾನ್,” ಎಂದೆ. “ಮೇಡಂ ಬ್ಯಾಡ ಅಂದಿದ್ರ್. ಖಾಲಿ ಜಾಗ ಚಂದ ಕಾಂಬುದಿಲ್ಲ ಅಂದೇಳಿ ನಾನೇ ನಂಬರ್ ಎಲ್ಲ ಮುಂದೆ ತಂದೆ. ಹದ್ನಾಲ್ಕನೇ ಪ್ಯಾರಾ ಬಿಟ್ಟ್ ಹೋಯ್ತ್.” ಎಷ್ಟೋ ಹುಡುಗರ ಬೆರಳಿಗೆ ಹೊಡೆದ ಕೈ ಅಂದು ಮೇಜಿನ ಅಂಚು ಹಿಡಿದುಕೊಂಡಿತ್ತು.

“ಹೊಸ ಪುಟ ಟೈಪ್ ಮಾಡಿ ಇದಕ್ಕೆ ಬದ್ಲ್ ಸೇರ್ಸ್‌ಲಕ್ಕಾ?” ಎಂದು ಶೆಟ್ಟರು ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟು ಇಳಿದಿತ್ತು.

“ಹಾಂಗ್ ಮಾಡುಕಾಗ ಶೆಟ್ರೆ. ತಪ್ಪ್ ಪುಟ ಹಾಂಗೇ ಇರ್ಕ್. ತಿದ್ದಿದ್ದ್ ಬೇರೆ ಹಾಳಿ,” ಎಂದು ಮೇಡಂ ಅಲ್ಲೇ ಒಂದು ಬಿಳಿ ಹಾಳೆ ತೆಗೆದುಕೊಂಡರು. ತಾವೇ ಬರೆದರು. ‘ತಿದ್ದುಪಡಿ. ವರದಿಯ ಪಟ್ಟಿಯಲ್ಲಿ ಸಂಖ್ಯೆಗಳನ್ನು ನಮ್ಮ ಕಚೇರಿಯಲ್ಲಿ ಬದಲಾಯಿಸಿದ್ದು ತಪ್ಪು. ಸ್ಥಳದಲ್ಲಿ ಕೊಟ್ಟ ಸಂಖ್ಯೆಗಳೇ ಸರಿ. ಐದನೇ ವಸ್ತು ಹಿಂತೆಗೆಯಲಾಗಿದೆ, ಅದು ಟ್ಯೂಬ್‌ಲೈಟಿನ ಗಾಜು.’ ಅದರ ಕೆಳಗೆ ಯಾವ ಯಾವ ಪ್ಯಾರಾದಲ್ಲಿ ಯಾವ ಸಂಖ್ಯೆ ಇದೆ, ಯಾವುದು ಇರಬೇಕು ಎಂದು ಒಂದೊಂದಾಗಿ. ಹನ್ನೊಂದು ಕಡೆ ನಾನು ಕೆಡಿಸಿದ್ದೆ. ಕೆಡಿಸದೆ ಬಿಟ್ಟ ಹದಿನಾಲ್ಕನೆಯದೊಂದೇ ಸರಿ ಇತ್ತು ಎಂಬುದು ಆಗ ತಿಳಿಯಿತು. ನನ್ನ ಹೆಸರನ್ನು ಎಲ್ಲಿಯೂ ಹಾಕಲಿಲ್ಲ. ‘ನಮ್ಮ ಕಚೇರಿ’ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿದರು. ಅಂಥವರ ಕೈಕೆಳಗೆ ಕೆಲಸ ಮಾಡುವುದು ನನ್ನ ಭಾಗ್ಯ ಎಂದು ಆ ಕ್ಷಣಕ್ಕೆ ನನಗೆ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಎಲ್ಲರೂ ಆ ಹಾಳೆಗೆ ಸಹಿ ಹಾಕಿದರು. ಪ್ರೇಮಾನಂದನೂ ಹಾಕಿದ. ಪ್ರಖ್ಯಾತ್ ಪೆನ್ನು ಹಿಡಿದುಕೊಂಡು ಅಪ್ಪನ ಕಡೆ ನೋಡಿ, “ಮೂರ್ ತಿಂಗ್ಳಿಂದ ಉಪ್ಪ್ ಹಾಕಿರ್ಲಿಲ್ಲ ಅಪ್ಪಯ್ಯ. ನಂಗೂ ನೆನಪಿರ್ಲಿಲ್ಲ,” ಎಂದ. ಶೆಟ್ಟರು ಬಾಗಿಲ ಕಡೆ ತಿರುಗಿಯೂ ತಿರುಗದ ಹಾಗೆ, “ದೇವು, ಸೋಮ್ವಾರ ಬಾಯ್ಲರ್ ಇನ್‌ಸ್ಪೆಕ್ಟರ್ ಬತ್ರ್. ನೀನೂ ಬಾ. ನಿಂಗ್ ಗೊತ್ತಿಪ್ಪಷ್ಟ್ ನಮ್ಗ್ ಗೊತ್ತಿಲ್ಲ,” ಎಂದರು.

ಎರಡು ದಿನ ಬಿಟ್ಟು ಮೇಡಂ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಒಂಬತ್ತನೇ ವಸ್ತು ವನಜಳ ಹೇಳಿಕೆಯಲ್ಲವೇ. ಹೇಳಿಕೆ ಕೊಟ್ಟವರಿಗೆ ಅವರ ಮಾತನ್ನು ವರದಿಯಲ್ಲಿ ಹೇಗೆ ಬಳಸಿದ್ದೇವೆ ಎಂದು ಓದಿ ಹೇಳಬೇಕು, ಅದು ಮೇಡಂ ಅವರ ಕ್ರಮ. ಹಾಲಾಡಿಯಲ್ಲಿ ಬಸ್ಸು ಇಳಿದರೆ ದೇವು ನಿಂತಿದ್ದ. ನಾನು ಬರುವ ಸುದ್ದಿ ಯಾರು ಕೊಟ್ಟರೋ. ದಾರಿ ತೋರಿಸುತ್ತ ಬಂದವ ವನಜಳ ಮನೆಯ ಬೇಲಿಯ ತಡಮೆಯ ಹತ್ತಿರ ನಿಂತುಬಿಟ್ಟ. “ನೀವ್ ಹೋಯ್ನಿ. ನಾ ಇಲ್ಲೇ ಇರ್ತೆ,” ಎಂದ. ಅಪಘಾತದ ನಂತರ ಎರಡು ಮನೆಗೂ ಮಾತಿಲ್ಲ ಎಂದು ಆಗ ಗೊತ್ತಾಯಿತು.

ವನಜ ಜಗಲಿಯಲ್ಲಿ ಕೂತಿದ್ದಳು. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ನಾನು ಓದಿದೆ.

‘ಎರಡನೇ ವಸ್ತು. ಪರದೆಯ ಸಮಯ ಹತ್ತು ಮೂವತ್ತಮೂರು, ಸರಿಯಾದ ಸಮಯ ಹತ್ತು ಹತ್ತೊಂಬತ್ತು. ದೇವು ಗಾಜಿನ ಮುಂದೆ ನಿಲ್ಲುತ್ತಾರೆ, ಮುಖ ಗಾಜಿನ ಕಡೆಗೆ. ಹನ್ನೊಂದು ಸೆಕೆಂಡು. ಎಂಟು ಗಂಟೆಯಿಂದ ಇದು ಏಳನೇ ಸಲ.’

ನಾನು ಮುಂದೆ ಓದಿದೆ.

‘ಒಂಬತ್ತನೇ ವಸ್ತು. ದೇವು ಗಾಜು ನೋಡಲಿಲ್ಲ ಎಂದು ವನಜ ಹೇಳಿದ್ದಾರೆ. ಅವರು ಉಮಿ ತುಂಬುತ್ತಿದ್ದ ಜಾಗದಲ್ಲಿ ನಿಂತು ನಾವು ನೋಡಿದೆವು. ಅಲ್ಲಿಂದ ಗಾಜಿನ ಮುಂದಿನ ಜಾಗ ಗೋಡೆಗೆ ಮರೆಯಾಗುತ್ತದೆ, ಹನ್ನೆರಡನೇ ಫೋಟೋ ನೋಡಿ. ಅವರು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಾರೆ.’

“ಮತ್ತೊಂದ್ ಸಲ ಓದಿ,” ಎಂದಳು. ಓದಿದೆ.

“ನಾ ಸುಳ್ ಹೇಳಿದ್ದಲ್ಲ ಅಂದೇಳಿ ಬರ್ದಿರಾ?”

“ಹೌದ್.”

“ಅಂವ ಕಂಡದ್ದೂ ಹೌದಾ? ಏಳ್ ಸಲ?”

“ಏಳ್ ಸಲ.”

ವನಜ ಒಳ್ಳೆಯ ಕೈಯಿಂದ ಸೆರಗು ತೆಗೆದು ಕಣ್ಣು ಒರೆಸಿಕೊಂಡಳು. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ಅಂಗಳಕ್ಕೆ ಇಳಿದಳು. ತಡಮೆಯ ಆಚೆ ದೇವು ನಮಗೆ ಬೆನ್ನು ಹಾಕಿ ರಸ್ತೆ ನೋಡುತ್ತ ನಿಂತಿದ್ದ.

“ಹ್ವಾಯ್ ದೇವಣ್ಣ!” ಎಂದು ಕರೆದಳು. “ಬಿಸ್ಲಿಗೆ ಎಂತಕೆ ನಿಂತದ್? ಒಳ್ಗ್ ಬನ್ನಿ. ಕೂಕಣಿ. ಇವ್ರ್ ಓದ್ತ್ರ್, ನೀವೂ ಕೇಣಿ.”

ಅವನು ಕೂಡಲೇ ತಿರುಗಲಿಲ್ಲ. ತಿರುಗಿದಾಗ ಅವನ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ. ಹಾಳೆಯ ಕಡೆ ಕಣ್ಣಿಟ್ಟುಕೊಂಡು, ಅವನು ಬಂದು ಜಗಲಿಯ ಅಂಚಿಗೆ ಕೂತ ಮೇಲೆ, ಮೊದಲಿನಿಂದ ಮತ್ತೆ ಓದಲು ಸುರು ಮಾಡಿದೆ.